ಹಾಳೆಯ ತೂಕ: ಜಿ.ಎಸ್.ಎಂ. ಎಂಬುದರ ಅರ್ಥವೂ ಕಾಗದದ ಆಯ್ಕೆಯೂ

ಕಾಗದದ ಅಂಗಡಿಗೆ ಹೋಗುವ ಮಕ್ಕಳೂ ತಂದೆತಾಯಿಗಳೂ ಸಾಮಾನ್ಯವಾಗಿ "ಒಳ್ಳೆಯ ದಪ್ಪ ಕಾಗದ ಕೊಡಿ" ಎಂದು ಕೇಳುವುದುಂಟು. ಅಂಗಡಿಯವನು ಪೊಟ್ಟಣವೊಂದನ್ನು ತೆಗೆದು, ಅದರ ಮೇಲೆ ಅಚ್ಚಾಗಿರುವ 70, 75, 80 ಅಥವಾ 100 ಎಂಬ ಸಂಖ್ಯೆಯನ್ನೂ ಅದರ ಮುಂದಿರುವ ಜಿ.ಎಸ್.ಎಂ. ಎಂಬ ಅಕ್ಷರಗಳನ್ನೂ ತೋರಿಸಿ, ಸಂಖ್ಯೆ ಹೆಚ್ಚಾದಷ್ಟೂ ಕಾಗದ ಮೇಲೆಂದು ಹೇಳಿಕಳುಹಿಸುತ್ತಾನೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ಆ ಸಂಖ್ಯೆಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬೇರ್ಪಡಿಸಿ ತಿಳಿಯದಿದ್ದರೆ, ಹೆಚ್ಚು ಹಣ ಕೊಟ್ಟೂ ಕೆಲಸಕ್ಕೆ ಒದಗದ ಹಾಳೆಯನ್ನು ಮನೆಗೆ ತಂದಂತಾಗುವುದು. ಆದುದರಿಂದ ಈ ಪಾಠದಲ್ಲಿ ಮೊದಲು ಆ ಅಳತೆಯ ಅರ್ಥವನ್ನೂ, ಮನೆಯಲ್ಲಿಯೇ ಅದನ್ನು ಪರೀಕ್ಷಿಸುವ ಕ್ರಮವನ್ನೂ ವಿವರಿಸಿ, ಬಳಿಕ ಪಾಠದ ಬರವಣಿಗೆ, ಪ್ರಶಸ್ತಿಪತ್ರ, ಚಿತ್ರ ಎಂಬ ಮೂರು ಕೆಲಸಗಳಿಗೆ ಎಂಥ ಕಾಗದ ತಕ್ಕದ್ದೆಂಬುದನ್ನು ತಿಳಿಸಲು ಯತ್ನಿಸುತ್ತೇನೆ.

1. ಅಳತೆಯ ಅರ್ಥ

ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರು ವಿಸ್ತಾರವುಳ್ಳ ಕಾಗದದ ತೂಕವು ಎಷ್ಟು ಗ್ರಾಂ ಎಂಬುದು. ಇಷ್ಟೇ ಅದರ ಅರ್ಥ. ಉದ್ದ ಒಂದು ಮೀಟರು, ಅಗಲ ಒಂದು ಮೀಟರು ಇರುವ ಹಾಳೆಯೊಂದನ್ನು ತಕ್ಕಡಿಗೆ ಹಾಕಿದಾಗ ಅದು 80 ಗ್ರಾಂ ತೂಗಿದರೆ ಆ ಕಾಗದವು 80 ಜಿ.ಎಸ್.ಎಂ. ಆಗುತ್ತದೆ. ಅದೇ ಹಾಳೆಯನ್ನು ಕತ್ತರಿಸಿ ಚಿಕ್ಕ ಚೀಟಿಗಳನ್ನಾಗಿ ಮಾಡಿದರೂ ಆ ಸಂಖ್ಯೆಯು ಬದಲಾಗುವುದಿಲ್ಲ. ಚೀಟಿಯ ತೂಕ ಕಡಿಮೆಯಾದಂತೆ ಅದರ ವಿಸ್ತಾರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದೇ ಇದಕ್ಕೆ ಕಾರಣ.

ಈ ಅಳತೆಯು ಬಳಕೆಗೆ ಬರುವ ಮೊದಲು ಕಾಗದವನ್ನು ರೀಮಿನ ತೂಕದಿಂದ ಹೇಳುತ್ತಿದ್ದರು. 24 ಹಾಳೆಗೆ ಒಂದು ದಸ್ತು, 20 ದಸ್ತಿಗೆ ಒಂದು ರೀಮು ಎಂದು 480 ಹಾಳೆಗಳ ಲೆಕ್ಕವೊಂದಿತ್ತು. 500 ಹಾಳೆಗಳ ಲೆಕ್ಕವೂ ಇತ್ತು. ಇಷ್ಟು ಪೌಂಡಿನ ಕಾಗದ ಎಂದು ಹೇಳಿದರೆ ಸಾಲದು, ಹಾಳೆ ಯಾವ ಆಕಾರದ್ದೆಂಬುದನ್ನೂ ಕೂಡಿಸಿ ಹೇಳಬೇಕಾಗಿತ್ತು. ಏಕೆಂದರೆ ತೆಳುವಾದ ದೊಡ್ಡ ಹಾಳೆಗಳ ರೀಮು, ದಪ್ಪನಾದ ಚಿಕ್ಕ ಹಾಳೆಗಳ ರೀಮಿಗಿಂತ ಹೆಚ್ಚು ತೂಗಬಹುದು. ಈ ತೊಡಕು ಇಂದಿಗೂ ಅಚ್ಚುಕೂಟಗಳಲ್ಲಿ ಕಾಣುತ್ತದೆ. 58.5 ಸೆಂಟಿಮೀಟರು ಅಗಲ, 91 ಸೆಂಟಿಮೀಟರು ಉದ್ದದ ಅಚ್ಚಿನ ಹಾಳೆಯ ರೀಮು 18.6 ಕಿಲೋ ತೂಗುವುದಾದರೆ ಅದು 70 ಜಿ.ಎಸ್.ಎಂ. ಕಾಗದ, ನಮ್ಮ ಮಕ್ಕಳು ಬಳಸುವ ಎ4 ಹಾಳೆಯ ರೀಮು ಅದೇ 70 ಜಿ.ಎಸ್.ಎಂ. ಆಗಿದ್ದರೂ ತೂಗುವುದು ಸುಮಾರು 2 ಕಿಲೋ 180 ಗ್ರಾಂ ಮಾತ್ರ. ಕಾಗದ ಒಂದೇ, ರೀಮಿನ ತೂಕ ಬೇರೆ. ಚದರ ಮೀಟರಿನ ಲೆಕ್ಕವು ಈ ಗೊಂದಲವನ್ನು ನೀಗಿಸುತ್ತದೆ.

2. ಹದಿನಾರು ಹಾಳೆಗಳ ಲೆಕ್ಕ

ಒಂದು ಚದರ ಮೀಟರಿನ ಹಾಳೆ ಯಾರ ಮನೆಯಲ್ಲಿಯೂ ಇರುವುದಿಲ್ಲ. ಹಾಗಾದರೆ ಪೊಟ್ಟಣದ ಮೇಲಿನ ಸಂಖ್ಯೆ ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಬಹು ಸುಲಭವಾದ ಮಾರ್ಗವಿದೆ. 1922ರಲ್ಲಿ ಜರ್ಮನಿ ದೇಶದವರು ಕಾಗದದ ಆಕಾರಗಳಿಗೆ ಒಂದು ಕ್ರಮವನ್ನು ಏರ್ಪಡಿಸಿದರು. ಆ ಕ್ರಮದ ಅತಿ ದೊಡ್ಡ ಹಾಳೆಗೆ ಎ0 ಎಂದು ಹೆಸರು. ಅದರ ವಿಸ್ತಾರ ಒಂದು ಚದರ ಮೀಟರು. ಅದನ್ನು ನಡುವೆ ಮಡಿಸಿ ಕತ್ತರಿಸಿದರೆ ಎ1, ಮತ್ತೆ ಹಾಗೆಯೇ ಮಾಡಿದರೆ ಎ2, ಮುಂದೆ ಎ3, ನಾಲ್ಕನೆಯ ಸಲ ಕತ್ತರಿಸಿದಾಗ ದೊರೆಯುವುದೇ ನಾವು ದಿನವೂ ಬಳಸುವ ಎ4. ಎರಡು, ನಾಲ್ಕು, ಎಂಟು, ಹದಿನಾರು ಎಂದು ಎಣಿಸಿದರೆ ಒಂದು ಎ0 ಹಾಳೆಯಲ್ಲಿ ಹದಿನಾರು ಎ4 ಹಾಳೆಗಳಿರುವುದು ವ್ಯಕ್ತವಾಗುತ್ತದೆ.

ಹೀಗಿರಲು, ಹದಿನಾರು ಎ4 ಹಾಳೆಗಳನ್ನು ಎಣಿಸಿ, ಅಡಿಗೆಮನೆಯ ಚಿಕ್ಕ ವಿದ್ಯುತ್ ತಕ್ಕಡಿಯ ಮೇಲೆ ಇಟ್ಟರೆ, ಅದು ತೋರಿಸುವ ಗ್ರಾಂಗಳ ಸಂಖ್ಯೆಯೇ ಆ ಕಾಗದದ ಜಿ.ಎಸ್.ಎಂ. ಆಗಿರುತ್ತದೆ. ಗುಣಾಕಾರವೂ ಬೇಡ, ಭಾಗಾಕಾರವೂ ಬೇಡ. ಹಾಳೆಗಳು ತಕ್ಕಡಿಯ ಅಂಚಿನಾಚೆ ಜೋತು ಮೇಜನ್ನು ಮುಟ್ಟದಂತೆ ಅವನ್ನು ಸಡಿಲವಾಗಿ ಸುರುಳಿ ಸುತ್ತಿ ಇಡಬೇಕು. ಫ್ಯಾನು ತಿರುಗುತ್ತಿದ್ದರೆ ನಿಲ್ಲಿಸಬೇಕು. ಎ3 ಹಾಳೆಯಾದರೆ ಎಂಟು ಸಾಕು. ಕಚೇರಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಬಳಸುವ ಉದ್ದನೆಯ ಲೀಗಲ್ ಹಾಳೆಯಾದರೆ ಹದಿಮೂರು ಸೇರಿದಾಗ ಬಹುಮಟ್ಟಿಗೆ ಒಂದು ಚದರ ಮೀಟರಾಗುತ್ತದೆ.

ಬೇರೆ ಆಕಾರದ ಹಾಳೆಗೆ ಸ್ವಲ್ಪ ಲೆಕ್ಕ ಮಾಡಬೇಕು. ಚಿತ್ರದ ಪುಸ್ತಕವೊಂದರ ಹಾಳೆ 28 ಸೆಂಟಿಮೀಟರು ಅಗಲ, 38 ಸೆಂಟಿಮೀಟರು ಉದ್ದ ಇರುವುದೆಂದು ಭಾವಿಸೋಣ. ಇವನ್ನು ಗುಣಿಸಿದರೆ 1,064 ಚದರ ಸೆಂಟಿಮೀಟರು. ಅಂಥ ಹತ್ತು ಹಾಳೆಗಳು 10,640 ಚದರ ಸೆಂಟಿಮೀಟರು. ಒಂದು ಚದರ ಮೀಟರಿಗೆ 10,000 ಚದರ ಸೆಂಟಿಮೀಟರು ಇರುವುದರಿಂದ ಇದು 1.064 ಚದರ ಮೀಟರು ಆಯಿತು. ಹತ್ತು ಹಾಳೆಗಳು 149 ಗ್ರಾಂ ತೂಗಿದರೆ, 149ನ್ನು 1.064ರಿಂದ ಭಾಗಿಸಬೇಕು; 140 ಬರುತ್ತದೆ. ಆ ಪುಸ್ತಕದ ಕಾಗದ 140 ಜಿ.ಎಸ್.ಎಂ. ಎಂದು ತಿಳಿಯಿತು. ಏಳನೆಯ ಎಂಟನೆಯ ತರಗತಿಯ ಬಾಲಕಿಯರು ಈ ಲೆಕ್ಕವನ್ನು ತಾವೇ ಮಾಡಬಲ್ಲರು.

ಈಗ ಒಂದು ಪರೀಕ್ಷೆಯನ್ನು ಕೊನೆಯವರೆಗೂ ನಡೆಸಿ ನೋಡೋಣ. ಪೊಟ್ಟಣದ ಮೇಲೆ 75 ಎಂದು ಇದೆ. ಹದಿನಾರು ಹಾಳೆಗಳು 70 ಗ್ರಾಂ ತೂಗಿದವು. ಕಾರ್ಖಾನೆಯಲ್ಲಿ ಕಾಗದವನ್ನು ಎಷ್ಟು ಎಚ್ಚರದಿಂದ ಮಾಡಿದರೂ ಒಂದೆರಡು ಗ್ರಾಂಗಳ ಏರುಪೇರು ಇದ್ದೇ ಇರುವುದರಿಂದ, 74 ಅಥವಾ 73 ಬಂದಿದ್ದರೆ ವಾದಿಸಲು ಕಾರಣವಿಲ್ಲ. ಆದರೆ ಐದು ಗ್ರಾಂ ಕಡಿಮೆಯೆಂದರೆ ನೂರಕ್ಕೆ ಸುಮಾರು ಏಳರಷ್ಟು ಸರಕು ಕಡಿಮೆಯಾದಂತೆ. "ಮಳೆಗಾಲದ ಹವೆಯಿಂದ ಹೀಗಾಗಿರಬಹುದು" ಎಂದು ಅಂಗಡಿಯವನು ಹೇಳಿದರೆ ಆ ಸಮಾಧಾನವು ನಿಲ್ಲುವುದಿಲ್ಲ. ಕಾಗದವು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ವಸ್ತು. ಮಂಗಳೂರಿನ ಕಡೆಯಾಗಲಿ ಮಲೆನಾಡಿನಲ್ಲಾಗಲಿ ಆಷಾಢಮಾಸದಲ್ಲಿ ತೆರೆದಿಟ್ಟ ಹಾಳೆಯ ತೂಕ ಒಂದೆರಡು ಗ್ರಾಂ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಮಳೆಗಾಲದಲ್ಲಿಯೇ 70 ತೂಗಿದ ಕಾಗದವು ಬೇಸಗೆಯಲ್ಲಿ ಇನ್ನೂ ಹಗುರವಾಗಿರುವುದು. ಇಂಥ ಸಂದೇಹ ಬಂದಾಗ ಪೊಟ್ಟಣದ ಮೇಲುಭಾಗದಿಂದ ಒಮ್ಮೆ, ನಡುವಿನಿಂದ ಒಮ್ಮೆ ಹದಿನಾರು ಹಾಳೆಗಳನ್ನು ತೆಗೆದು ತೂಗಿದರೆ ನಿಶ್ಚಯವಾಗುವುದು.

3. ಆ ಸಂಖ್ಯೆಯು ಹೇಳದಿರುವುದು

ಜಿ.ಎಸ್.ಎಂ. ತೂಕದ ಅಳತೆಯೇ ಹೊರತು ದಪ್ಪದ ಅಳತೆಯಲ್ಲ. ಒಂದು ಸೇರು ಅವಲಕ್ಕಿಯೂ ಒಂದು ಸೇರು ಅಕ್ಕಿಯೂ ಪಾತ್ರೆಯಲ್ಲಿ ಒಂದೇ ಎತ್ತರಕ್ಕೆ ನಿಂತರೂ ತಕ್ಕಡಿಯಲ್ಲಿ ಒಂದೇ ಆಗುವುದಿಲ್ಲವೆಂಬುದು ಗೃಹಿಣಿಯರಿಗೆ ತಿಳಿದ ಸಂಗತಿ. ಕಾಗದವೂ ಹಾಗೆಯೇ. ಮರದ ನಾರುಗಳನ್ನು ಸಡಿಲವಾಗಿ ಹೆಣೆದಂತಿರುವ ಹಾಳೆಯು ಕಡಿಮೆ ತೂಕದಲ್ಲಿಯೇ ದಪ್ಪವಾಗಿ ನಿಲ್ಲುತ್ತದೆ. ಬಿಳಿ ಜೇಡಿಯನ್ನೋ ಸುಣ್ಣದ ಕಲ್ಲಿನ ನುಣುಪು ಹಿಟ್ಟನ್ನೋ ಬಳಿದು, ಭಾರವಾದ ಉರುಳೆಗಳ ನಡುವೆ ಒತ್ತಿ ಹೊಳಪು ಕೊಟ್ಟ ಆರ್ಟ್ ಕಾಗದವು ಹೆಚ್ಚು ತೂಗಿದರೂ ತೆಳುವಾಗಿರುತ್ತದೆ. 130 ಜಿ.ಎಸ್.ಎಂ. ಆರ್ಟ್ ಕಾಗದವನ್ನೂ 80 ಜಿ.ಎಸ್.ಎಂ. ಸಾದಾ ಕಾಗದವನ್ನೂ ಬೆರಳುಗಳ ನಡುವೆ ಹಿಡಿದು ನೋಡಿದರೆ ದಪ್ಪದಲ್ಲಿ ಹೆಚ್ಚಿನ ಅಂತರ ಕಾಣದು. ಎಂದಮೇಲೆ ಒಂದೇ ಜಾತಿಯ ಕಾಗದಗಳನ್ನು ಹೋಲಿಸುವಾಗ ಮಾತ್ರ, ಸಂಖ್ಯೆ ಹೆಚ್ಚಿದರೆ ದಪ್ಪವೂ ಬಿಗುವೂ ಹೆಚ್ಚೆಂದು ನಂಬಬಹುದು. ಜಾತಿ ಬೇರೆಯಾದರೆ ನಂಬಲಾಗದು.

ಎರಡನೆಯದಾಗಿ, ಶಾಯಿಯು ಹಾಳೆಯ ಮೇಲೆ ಹರಡುವುದೋ ಇಲ್ಲವೋ ಎಂಬುದನ್ನು ಈ ಸಂಖ್ಯೆ ತಿಳಿಸುವುದಿಲ್ಲ. ಅದು ಕಾಗದಕ್ಕೆ ಹಾಕಿದ ಗಂಜಿಯನ್ನು ಅವಲಂಬಿಸಿದೆ. ನೂಲಿನ ಸೀರೆಗೆ ನಾವು ಗಂಜಿ ಹಾಕುವಂತೆ ಕಾರ್ಖಾನೆಯವರು ಕಾಗದಕ್ಕೂ ಗಂಜಿಯನ್ನೂ ನೀರನ್ನು ತಡೆಯುವ ಬೇರೆ ಪದಾರ್ಥಗಳನ್ನೂ ಸೇರಿಸುತ್ತಾರೆ. ಇವು ಸಾಲದೆ ಹೋದರೆ ಕಾಗದವು ಎಷ್ಟೇ ತೂಗಲಿ ಒತ್ತುಕಾಗದದಂತೆ ಶಾಯಿಯನ್ನು ಹೀರುತ್ತದೆ. ಇದನ್ನು ಪರೀಕ್ಷಿಸಲು ಶಾಯಿ ಪೆನ್ನಿನಿಂದ ಹಾಳೆಯ ಮೇಲೆ ಅಡ್ಡಗೆರೆಗಳ ಮೇಲೆ ಲಂಬಗೆರೆಗಳನ್ನು ಎಳೆದು, ಗೆರೆಗಳು ಕೂಡುವ ಸ್ಥಳವನ್ನು ನೋಡಬೇಕು. ಅಂಚು ಚೂಪಾಗಿಯೇ ಉಳಿದರೆ ಗಂಜಿ ಸರಿಯಾಗಿದೆ. ಅಂಚಿನಿಂದ ರೋಮಗಳಂತೆ ಶಾಯಿ ಚಾಚಿಕೊಂಡರೆ ಆ ಕಾಗದ ಬರವಣಿಗೆಗೆ ತಕ್ಕದ್ದಲ್ಲ.

ಮೂರನೆಯದಾಗಿ, ಹಾಳೆ ಎಷ್ಟು ಕಾಲ ಬಾಳುವುದೆಂಬುದೂ ಈ ಸಂಖ್ಯೆಯಲ್ಲಿ ಇಲ್ಲ. ವೃತ್ತಪತ್ರಿಕೆಯ ಕಾಗದವು ಬಿಸಿಲಿಗೆ ಬಿದ್ದರೆ ಕೆಲವು ದಿನಗಳಲ್ಲಿಯೇ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರದಲ್ಲಿ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಅದರಲ್ಲಿ ಬೇರ್ಪಡಿಸದೆ ಉಳಿಸಿರುತ್ತಾರೆ. ಬೆಳಕೂ ಗಾಳಿಯೂ ತಾಗಿ ಆ ವಸ್ತುವು ಬಣ್ಣಗೆಡುತ್ತದೆ. ಇನ್ನು ಪಟಿಕದಿಂದ ಗಂಜಿಯನ್ನು ಹಿಡಿಸಿದ ಹಳೆಯ ಬಗೆಯ ಕಾಗದದಲ್ಲಿ ಆಮ್ಲವು ಉಳಿದು, ನಾರುಗಳನ್ನು ಮೆಲ್ಲನೆ ತಿಂದು, ಹಾಳೆಯು ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬರುತ್ತದೆ. ಬಹುಕಾಲ ಉಳಿಯಬೇಕಾದ ಕಾಗದವನ್ನು ಕೊಳ್ಳುವಾಗ ಆಮ್ಲರಹಿತವಾದದ್ದೆಂಬ ಸೂಚನೆ ಪೊಟ್ಟಣದ ಮೇಲೆ ಇದೆಯೇ ಎಂದು ನೋಡುವುದು ಲೇಸು. ಸಾದಾ ಹಾಳೆಗೆ ಮನೆಯ ಪರೀಕ್ಷೆಯೊಂದುಂಟು. ಹಾಳೆಯ ಅರ್ಧವನ್ನು ದಪ್ಪ ಪುಸ್ತಕದ ಒಳಗಿಟ್ಟು, ಉಳಿದರ್ಧವನ್ನು ಒಂದು ವಾರ ಬಿಸಿಲಿಗೆ ಚಾಚಿಟ್ಟರೆ, ಎರಡು ಭಾಗಗಳ ಬಣ್ಣದಲ್ಲಿ ಎದ್ದುಕಾಣುವ ವ್ಯತ್ಯಾಸ ತೋರಿದ ಕಾಗದವು ಇಟ್ಟು ಬಾಳಿಸುವಂಥದ್ದಲ್ಲವೆಂದು ತಿಳಿಯಬಹುದು. ಆಮ್ಲದ ದೋಷವನ್ನು ಮಾತ್ರ ಈ ಪರೀಕ್ಷೆಯು ತೋರಿಸದು. ಅದು ವರ್ಷಗಳ ಬಳಿಕ ಕಾಣತಕ್ಕದ್ದು.

4. ಪಾಠದ ಬರವಣಿಗೆಗೆ

ಮಕ್ಕಳು ಶಾಲೆಗೆ ಒಪ್ಪಿಸುವ ಪ್ರಬಂಧಗಳೂ ಪ್ರಾಜೆಕ್ಟ್ ವರದಿಗಳೂ ಹೆಚ್ಚೆಂದರೆ ಎರಡು ಮೂರು ವರ್ಷ ಉಳಿಯತಕ್ಕವು. ಬಾಲ್ ಪೆನ್ನಿನಿಂದ ಒಂದೇ ಪಕ್ಕದಲ್ಲಿ ಬರೆಯುವುದಾದರೆ 70 ಜಿ.ಎಸ್.ಎಂ. ಹಾಳೆ ಸಾಕು. ಎರಡೂ ಪಕ್ಕಗಳಲ್ಲಿ ಬರೆಯುವುದಾಗಲಿ ಅಚ್ಚು ಮಾಡುವುದಾಗಲಿ ಇದ್ದರೆ, ಹಿಂದಿನ ಅಕ್ಷರಗಳು ಮುಂದಕ್ಕೆ ಕಾಣಿಸಿ ಓದುವವರ ಕಣ್ಣಿಗೆ ಆಯಾಸವಾಗದಂತೆ 80 ಜಿ.ಎಸ್.ಎಂ. ಹಾಳೆಯನ್ನು ಆರಿಸಿಕೊಳ್ಳಬೇಕು. ಅಚ್ಚಾದ ಪುಟದ ಮೇಲೆ ಈ ಹಾಳೆಯನ್ನು ಹರಡಿ, ಕೆಳಗಿನ ಅಕ್ಷರಗಳನ್ನು ಸುಲಭವಾಗಿ ಓದಲಾಗುವುದೇ ಎಂದು ನೋಡಿದರೆ ಇದನ್ನು ಅಂಗಡಿಯಲ್ಲಿಯೇ ನಿರ್ಣಯಿಸಬಹುದು. ಶಾಯಿ ಪೆನ್ನಿನಿಂದ ಬರೆಯುವ ಬಾಲಕಿಗೆ ತೂಕಕ್ಕಿಂತ ಗಂಜಿಯೇ ಮುಖ್ಯವಾದುದರಿಂದ, ಮೇಲೆ ಹೇಳಿದ ಗೆರೆಗಳ ಪರೀಕ್ಷೆಯನ್ನು ಮೊದಲು ಮಾಡತಕ್ಕದ್ದು. ಗಂಜಿ ಸರಿಯಿರುವ 70ರ ಹಾಳೆಯು, ಗಂಜಿಯಿಲ್ಲದ 100ರ ಹಾಳೆಗಿಂತ ಆಕೆಗೆ ಉತ್ತಮ.

ಪ್ರಾಜೆಕ್ಟ್ ವರದಿಗೆ 100 ಜಿ.ಎಸ್.ಎಂ. ಕಾಗದವೇ ಬೇಕೆಂದು ಕೆಲವು ಮಕ್ಕಳು ಹಟ ಮಾಡುವುದನ್ನು ಪೋಷಕರು ನನ್ನೊಡನೆ ಹೇಳಿಕೊಂಡಿದ್ದಾರೆ. ಇದರ ಲೆಕ್ಕವನ್ನು ನೋಡೋಣ. 80 ಜಿ.ಎಸ್.ಎಂ. ಎ4 ಹಾಳೆಯೊಂದರ ತೂಕ 80ನ್ನು 16ರಿಂದ ಭಾಗಿಸಿದಷ್ಟು, ಅಂದರೆ 5 ಗ್ರಾಂ. ಅರುವತ್ತು ಹಾಳೆಗಳ ವರದಿಯು 300 ಗ್ರಾಂ ಆಯಿತು. 100ರ ಹಾಳೆಯಾದರೆ ಒಂದಕ್ಕೆ ಆರೂಕಾಲು ಗ್ರಾಂನಂತೆ ಅದೇ ವರದಿಯು 375 ಗ್ರಾಂ ಆಗುವುದು. ಮಗುವಿನ ಚೀಲಕ್ಕೆ ಮುಕ್ಕಾಲುಪಾಲು ನೂರು ಗ್ರಾಂ ಭಾರವೂ ತಂದೆಯ ಕಿಸೆಗೆ ಹೆಚ್ಚಿನ ವೆಚ್ಚವೂ ಸೇರಿದುವು. ಒಂದೇ ಪಕ್ಕದಲ್ಲಿ ಅಚ್ಚಾದ ವರದಿಯನ್ನು ಓದುವ ಉಪಾಧ್ಯಾಯಿನಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲ. ಮೇಲುಹೊದಿಕೆಯ ಒಂದು ಹಾಳೆ ಮಾತ್ರ ಬಿಗುವಾಗಿರಲೆಂದು 150 ಅಥವಾ 200 ಜಿ.ಎಸ್.ಎಂ. ಆಗಿದ್ದು, ಒಳಗಿನವೆಲ್ಲಾ 75 ಅಥವಾ 80 ಆಗಿದ್ದರೆ ವರದಿಯು ನೋಡಲೂ ಚೆನ್ನ, ಹಿಡಿಯಲೂ ಚೆನ್ನ.

ಅಂಚೆಯಲ್ಲಿ ಕಾಗದ ಕಳುಹಿಸುವವರಿಗೂ ಇದೇ ಲೆಕ್ಕವು ಉಪಯೋಗಕ್ಕೆ ಬರುತ್ತದೆ. 80ರ ಹಾಳೆಗಳು ಮೂರು, ಅಂದರೆ 15 ಗ್ರಾಂ, ಜೊತೆಗೆ ಲಕೋಟೆಯ ತೂಕ ಎಂದು ಮನಸ್ಸಿನಲ್ಲಿಯೇ ಕೂಡಿಸಿ, ಎಷ್ಟು ಅಂಚೆಚೀಟಿ ಹಚ್ಚಬೇಕೆಂಬುದನ್ನು ತಕ್ಕಡಿಯಿಲ್ಲದೆ ತಿಳಿಯಬಹುದು.

5. ಪ್ರಶಸ್ತಿಪತ್ರಗಳಿಗೆ

ಪ್ರಶಸ್ತಿಪತ್ರವು ಒಂದು ದಿನದ ಸಂತೋಷಕ್ಕಾಗಿ ಕೊಡುವಂಥದ್ದಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಅದನ್ನು ಪಡೆದವಳು ಉದ್ಯೋಗಕ್ಕಾಗಿಯೋ ತನ್ನ ಮಕ್ಕಳಿಗೆ ತೋರಿಸುವುದಕ್ಕಾಗಿಯೋ ಪೆಟ್ಟಿಗೆಯಿಂದ ಹೊರತೆಗೆಯುವಳು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಅಂಥ ಪತ್ರವೊಂದನ್ನು ನನಗೆ ತೋರಿಸಲು ತಂದಿದ್ದಳು. ಬೇರೊಂದು ಸಂಸ್ಥೆಯವರು ಭಾಷಣ ಸ್ಪರ್ಧೆಯಲ್ಲಿ ಅವಳಿಗೆ ಕೊಟ್ಟದ್ದು ಅದು. ಕಾಗದ ಬಿಗುವಾಗಿಯೇ ಇತ್ತು. ಕನ್ನಡಿಯಂತೆ ಹೊಳೆಯುವ 300 ಜಿ.ಎಸ್.ಎಂ. ಆರ್ಟ್ ಕಾರ್ಡು, ಚಿನ್ನದ ಬಣ್ಣದ ಅಂಚೂ ಮಾಸಿರಲಿಲ್ಲ. ಆದರೆ ಶಾಯಿಯಿಂದ ತುಂಬಿದ ಅವಳ ಹೆಸರೂ ಅಧ್ಯಕ್ಷರ ರುಜುವೂ ಒರೆಸಿಹೋಗಿ ನೀಲಿಯ ಕಲೆಯಾಗಿದ್ದುವು. "ಅಮ್ಮಾ, ಇದು ನನ್ನದೇ ಎಂದು ಹೇಗೆ ತೋರಿಸಲಿ?" ಎಂದು ಆಕೆ ಕೇಳಿದಳು. ಬಹುಮಾನ ಗೆದ್ದವಳ ಹೆಸರನ್ನೇ ಹಿಡಿದಿಡಲಾರದ ಕಾಗದವು 300 ತೂಗಿದರೇನು, 400 ತೂಗಿದರೇನು?

ಕಾರಣವಿಷ್ಟೇ. ಹೊಳಪಿನ ಕಾಗದದ ಮೇಲೆ ಬಳಿದ ಜೇಡಿಯ ಪದರವು ನೀರಿನ ಶಾಯಿಯನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ಶಾಯಿಯು ಮೇಲೆಯೇ ಕುಳಿತು ಒಣಗಿ, ಮುಂದೆ ತೇವದ ಕೈ ತಾಗಿದಾಗ ಎದ್ದುಬರುತ್ತದೆ. ಅಚ್ಚುಕೂಟದ ಶಾಯಿಯಾದರೋ ಎಣ್ಣೆಯದಾದುದರಿಂದ ಅಂಥ ಮೈಯ ಮೇಲೂ ನಿಲ್ಲುತ್ತದೆ. ಆದುದರಿಂದಲೇ ಆ ಪತ್ರದಲ್ಲಿ ಅಚ್ಚಾದ ಮಾತುಗಳು ಉಳಿದು, ಬರೆದ ಮಾತುಗಳು ಅಳಿದುವು.

ಹೀಗಿರುವುದರಿಂದ ಕೈಯಿಂದ ಹೆಸರು ಬರೆದು ರುಜು ಹಾಕತಕ್ಕ ಪ್ರಶಸ್ತಿಪತ್ರಕ್ಕೆ ಹೊಳಪು ಬಳಿಯದ, ಸಾದಾ ಮೈಯ, 200ರಿಂದ 250 ಜಿ.ಎಸ್.ಎಂ. ಕಾರ್ಡು ತಕ್ಕದ್ದು. ಅದು ಕೈಯಲ್ಲಿ ಜೋತು ಬೀಳುವುದಿಲ್ಲ, ಶಾಯಿಯನ್ನು ಹಿಡಿಯುತ್ತದೆ. ಪತ್ರಗಳನ್ನು ಅಚ್ಚಿಗೆ ಕೊಡುವ ಮೊದಲು ಒಂದು ತುಂಡು ಕಾರ್ಡಿನ ಮೇಲೆ, ರುಜು ಹಾಕುವವರ ಪೆನ್ನಿನಿಂದಲೇ ನಾಲ್ಕು ಅಕ್ಷರ ಬರೆದು, ಒಂದು ದಿನ ಒಣಗಲು ಬಿಟ್ಟು, ಒದ್ದೆ ಬೆರಳಿನಿಂದ ಉಜ್ಜಿ ನೋಡಬೇಕು. ಅಕ್ಷರ ಕಲಸಿದರೆ ಕಾಗದವನ್ನಾಗಲಿ ಪೆನ್ನನ್ನಾಗಲಿ ಬದಲಾಯಿಸಬೇಕು. ನೀರಿಗೆ ಅಳಿಯದ ಶಾಯಿಯ ಪೆನ್ನುಗಳು ಈಗ ದೊರೆಯುತ್ತವೆ.

ಶಾಲೆಯ ಕಚೇರಿಯಲ್ಲಿಯೇ ಲೇಸರ್ ಯಂತ್ರದಿಂದ ಪತ್ರಗಳನ್ನು ಅಚ್ಚು ಮಾಡುವುದಾದರೆ ಇನ್ನೊಂದು ಎಚ್ಚರವು ಬೇಕು. ಆ ಯಂತ್ರವು ಕಪ್ಪು ಪುಡಿಯನ್ನು ಬಿಸಿ ಉರುಳೆಯಿಂದ ಕರಗಿಸಿ ಹಾಳೆಗೆ ಅಂಟಿಸುತ್ತದೆ. ದಪ್ಪ ಹಾಳೆಯು ಹೆಚ್ಚು ಬಿಸಿಯನ್ನು ಹೀರುವುದರಿಂದ, ಸಾದಾ ಹಾಳೆಗೆ ಸಾಕಾಗುವ ಬಿಸಿಯು ಅದಕ್ಕೆ ಸಾಲದೆ ಅಕ್ಷರಗಳು ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತವೆ. ಯಂತ್ರದ ಕೈಪಿಡಿಯಲ್ಲಿ ಅದು ತಾಳುವ ಅತ್ಯಂತ ಹೆಚ್ಚಿನ ಜಿ.ಎಸ್.ಎಂ. ಯಾವುದೆಂದು ಬರೆದಿರುತ್ತಾರೆ; ಅದನ್ನು ಮೀರಬಾರದು. ಆ ಮಿತಿಯೊಳಗಿನ ದಪ್ಪ ಹಾಳೆಗೂ ಯಂತ್ರದಲ್ಲಿ ದಪ್ಪ ಕಾಗದದ ಏರ್ಪಾಡನ್ನು ಆರಿಸಿ, ಒಂದೊಂದೇ ಹಾಳೆಯನ್ನು ಕೈಯಿಂದ ಒದಗಿಸತಕ್ಕದ್ದು. ಮೊದಲನೆಯ ಪತ್ರವನ್ನು ಉಗುರಿನಿಂದ ಕೆರೆದು ನೋಡಿದ ಬಳಿಕವೇ ಉಳಿದುವುಗಳಿಗೆ ಕೈಹಾಕಬೇಕು. ಶಾಯಿ ಸಿಂಪಡಿಸುವ ಯಂತ್ರಕ್ಕಾಗಿ ಮಾಡಿದ ಫೋಟೋ ಕಾಗದವನ್ನು ಲೇಸರ್ ಯಂತ್ರಕ್ಕೆ ಎಂದಿಗೂ ಹಾಕಬಾರದು. ಅದರ ಮೇಲಿನ ಪದರವು ಬಿಸಿಗೆ ಕರಗಿ ಯಂತ್ರವನ್ನು ಕೆಡಿಸುವುದುಂಟು.

ಪತ್ರವನ್ನು ಪಡೆದವರಿಗೂ ಒಂದು ಮಾತು. ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಬಿಸಿಮಾಡಿ ಅಂಟಿಸುವ ಲ್ಯಾಮಿನೇಷನ್ನನ್ನು ಮುಖ್ಯ ಪತ್ರಗಳಿಗೆ ಮಾಡಿಸಬೇಡಿರಿ. ಒಮ್ಮೆ ಅಂಟಿದ ಮೇಲೆ ಕಾಗದಕ್ಕೆ ಹಾನಿಯಿಲ್ಲದೆ ಅದನ್ನು ಬಿಡಿಸಲಾಗದು. ಹಿಂಬದಿಯಲ್ಲಿ ಅಧಿಕಾರಿಗಳು ಮೊಹರು ಒತ್ತಬೇಕಾಗಿ ಬಂದರೆ ಅದಕ್ಕೆ ಎಡೆಯೇ ಇರುವುದಿಲ್ಲ. ಅಂಟಿಸದೆ ಸುಮ್ಮನೆ ಒಳಗಿಡುವ ಚೀಲವು ಸಾಕು. ದಪ್ಪ ಕಾರ್ಡನ್ನು ಮಡಿಸಿದರೆ ಮಡಿಕೆಯಲ್ಲಿ ನಾರು ಮುರಿದು ಬಿರುಕಾಗುವುದು. ಬಿಗಿಯಾಗಿ ಸುರುಳಿ ಸುತ್ತಿದರೆ ಅದು ಮತ್ತೆ ಚಪ್ಪಟೆಯಾಗಲು ಒಪ್ಪದು. ಆದುದರಿಂದ ಅಂಥ ಪತ್ರವನ್ನು ಚಪ್ಪಟೆಯಾಗಿಯೇ ಇಡತಕ್ಕದ್ದು.

6. ಚಿತ್ರಗಳಿಗೆ

ಚಿತ್ರದ ಕಾಗದದಲ್ಲಿ ತೂಕದ ಪ್ರಯೋಜನವು ಬರವಣಿಗೆಗಿಂತ ಹೆಚ್ಚಾಗಿ ಕಾಣುತ್ತದೆ. ಸೀಸದ ಕಡ್ಡಿಯಿಂದಲೂ ಬಣ್ಣದ ಕಡ್ಡಿಗಳಿಂದಲೂ ಬರೆಯುವ ಚಿತ್ರಕ್ಕೆ 120ರಿಂದ 150 ಜಿ.ಎಸ್.ಎಂ. ವರೆಗಿನ ಸ್ವಲ್ಪ ಒರಟು ಮೈಯ ಹಾಳೆ ಒದಗುತ್ತದೆ. ಇಲ್ಲಿ ಮೈ ಒರಟಾಗಿರಬೇಕಾದದ್ದು ಕಡ್ಡಿಯ ಪುಡಿಯು ಹಿಡಿದು ನಿಲ್ಲುವುದಕ್ಕಾಗಿ. ನುಣುಪಾದ ಹಾಳೆಯ ಮೇಲೆ ಕಡ್ಡಿಯು ಜಾರುತ್ತದೆ, ಬಣ್ಣ ಏರುವುದಿಲ್ಲ. ಹಾಳೆಯ ಮೂಲೆಯಲ್ಲಿ ಗಟ್ಟಿಯಾಗಿ ಗೆರೆಯೊಂದನ್ನು ಎಳೆದು, ರಬ್ಬರಿನಿಂದ ಅಳಿಸಿ, ಅದೇ ಸ್ಥಳದಲ್ಲಿ ಎರಡು ಮೂರು ಸಲ ಹಾಗೆಯೇ ಮಾಡಬೇಕು. ನಾರು ಎದ್ದು ತುಪ್ಪುಳಿನಂತಾದರೆ ಆ ಹಾಳೆ ಚಿತ್ರಕ್ಕೆ ಬಾರದು.

ನೀರಿನ ಬಣ್ಣಗಳ ವಿಷಯವೇ ಬೇರೆ. 150ರ ಹಾಳೆಯ ಮೇಲೆ ಬಾಲಕಿಯು ಆಕಾಶಕ್ಕೆ ನೀಲಿಯನ್ನು ಬಳಿಯುತ್ತಿರುವಾಗಲೇ ಹಾಳೆಯು ಅಲೆ ಅಲೆಯಾಗಿ ಎದ್ದು, ಬಣ್ಣವು ತಗ್ಗುಗಳಿಗೆ ಹರಿದು ಕೊಳಗಳಾಗಿ ನಿಲ್ಲುತ್ತದೆ. ಮಗುವಿಗೆ ಕೈಚಳಕ ಸಾಲದೆಂದು ಎಷ್ಟೋ ಮನೆಗಳಲ್ಲಿ ತಿಳಿದುಕೊಳ್ಳುತ್ತಾರೆ. ಆದರೆ ದೋಷವು ಹಾಳೆಯದು. ನೀರು ತಾಗಿದಾಗ ಪ್ರತಿಯೊಂದು ನಾರೂ ಊದಿಕೊಳ್ಳುತ್ತದೆ. ಅದು ಉದ್ದದಲ್ಲಿ ಅತ್ಯಲ್ಪವಾಗಿಯೂ ಅಗಲದಲ್ಲಿ ಬಹಳವಾಗಿಯೂ ಹಿಗ್ಗುತ್ತದೆ. ಒದ್ದೆಯಾದ ಭಾಗ ಹಿಗ್ಗಿ ಒಣ ಭಾಗ ಹಿಗ್ಗದೆ ಉಳಿದಾಗ, ಹೆಚ್ಚಿದ ವಿಸ್ತಾರಕ್ಕೆ ಎಡೆಯಿಲ್ಲದೆ ಹಾಳೆಯು ಮೇಲಕ್ಕೆ ಉಬ್ಬಲೇಬೇಕು. ಹಾಳೆಯು ಭಾರವಾಗಿದ್ದರೆ ನೀರು ಆಳಕ್ಕೆ ಹಂಚಿಹೋಗುತ್ತದೆ, ಅದರ ಬಿಗುವೂ ಉಬ್ಬನ್ನು ತಡೆಯುತ್ತದೆ. ಆದುದರಿಂದಲೇ ನೀರಿನ ಬಣ್ಣಕ್ಕೆ 300 ಜಿ.ಎಸ್.ಎಂ. ಹಾಳೆಯನ್ನು ಹೇಳುವುದು. ಇದನ್ನೇ ಇಂಗ್ಲೆಂಡಿನ ಹಳೆಯ ರೀಮಿನ ಲೆಕ್ಕದಲ್ಲಿ 140 ಪೌಂಡಿನ ಹಾಳೆಯೆಂದು ಕರೆಯುತ್ತಾರೆ. ಕೆಲವು ಪೊಟ್ಟಣಗಳ ಮೇಲೆ ಎರಡು ಸಂಖ್ಯೆಗಳೂ ಇರುವುದನ್ನು ಕಂಡು ಬೆರಗಾಗಬೇಕಾದುದಿಲ್ಲ.

300ರ ಹಾಳೆಗೆ ಬೆಲೆ ಹೆಚ್ಚು. ಅಭ್ಯಾಸಕ್ಕೆ ಅದನ್ನು ಎಲ್ಲರೂ ಕೊಳ್ಳಲಾರರು. ಅಂಥವರು 200ರ ನೀರುಬಣ್ಣದ ಹಾಳೆಯನ್ನೇ ಹಲಗೆಗೆ ಬಿಗಿದು ಬಳಸಬಹುದು. ಕ್ರಮವು ಹೀಗೆ: ಹಾಳೆಯನ್ನು ಶುದ್ಧವಾದ ತಣ್ಣೀರಿನಲ್ಲಿ ಕೆಲವು ನಿಮಿಷ ಮುಳುಗಿಸಿಟ್ಟು, ಎತ್ತಿ, ನೀರು ಸೋರಿಹೋಗಲು ಬಿಟ್ಟು, ಬಾಗದ ಮರದ ಹಲಗೆಯ ಮೇಲೆ ಹರಡಬೇಕು. ಹಾಳೆಯು ಆಗ ಪೂರ್ತಿ ಹಿಗ್ಗಿರುತ್ತದೆ. ನೀರು ಹಚ್ಚಿದರೆ ಅಂಟುವ ಕಂದು ಕಾಗದದ ಪಟ್ಟಿಯಿಂದ ನಾಲ್ಕು ಅಂಚುಗಳನ್ನೂ ಹಲಗೆಗೆ ಅಂಟಿಸಿ, ಹಲಗೆಯನ್ನು ಓರೆಯಾಗಿ ನಿಲ್ಲಿಸದೆ ಚಪ್ಪಟೆಯಾಗಿಟ್ಟು ರಾತ್ರಿಯೆಲ್ಲಾ ಒಣಗಲು ಬಿಡಬೇಕು. ಒಣಗುವಾಗ ಕುಗ್ಗಲು ಯತ್ನಿಸುವ ಹಾಳೆಯು ಅಂಚುಗಳಲ್ಲಿ ಹಿಡಿಯಲ್ಪಟ್ಟಿರುವುದರಿಂದ ಮದ್ದಳೆಯ ಚರ್ಮದಂತೆ ಬಿಗಿಯಾಗುತ್ತದೆ. ಮರುದಿನ ಬಣ್ಣ ಬಳಿದಾಗ ಸ್ವಲ್ಪ ಎದ್ದರೂ ಒಣಗಿದೊಡನೆ ಮತ್ತೆ ಚಪ್ಪಟೆಯಾಗುವುದು. ಚಿತ್ರವು ಮುಗಿದು ಪೂರ್ತಿಯಾಗಿ ಒಣಗಿದ ಮೇಲೆಯೇ ಅಂಚುಗಳನ್ನು ಕತ್ತರಿಸಿ ತೆಗೆಯತಕ್ಕದ್ದು.

7. ಅಭ್ಯಾಸ

ಓದುವ ಮಕ್ಕಳು ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಹಿಡಿಯಲಿ. ಹಿರಿಯರು ತಪ್ಪು ಒಪ್ಪುಗಳನ್ನು ನೋಡಲಿ.

ಹದಿನಾರು ಎ4 ಹಾಳೆಗಳು 100 ಗ್ರಾಂ ತೂಗಿದುವು. ಅಂಥ ನಲವತ್ತು ಹಾಳೆಗಳ ತೂಕವೆಷ್ಟು? ಉತ್ತರ: ಹಾಳೆಗೆ 6.25 ಗ್ರಾಂನಂತೆ 250 ಗ್ರಾಂ.

ಎಂಟು ಎ3 ಹಾಳೆಗಳು 150 ಗ್ರಾಂ ತೂಗಿದುವು. ಆ ಕಾಗದ ಎಷ್ಟು ಜಿ.ಎಸ್.ಎಂ.? ನೀರಿನ ಬಣ್ಣಕ್ಕೆ ಅದನ್ನು ಹಾಗೆಯೇ ಬಳಸಬಹುದೇ? ಉತ್ತರ: 150; ಸೀಸದ ಕಡ್ಡಿಗೂ ಬಣ್ಣದ ಕಡ್ಡಿಗಳಿಗೂ ಸಾಕು, ನೀರಿನ ಬಣ್ಣಕ್ಕೆ ಸಾಲದು.

ಪೊಟ್ಟಣವೊಂದರ ಮೇಲೆ 80 ಜಿ.ಎಸ್.ಎಂ., 500 ಎ4 ಹಾಳೆಗಳೆಂದು ಇದೆ. ಹೊದಿಕೆಯನ್ನು ಬಿಚ್ಚಿ ತೂಗಿದರೆ 2 ಕಿಲೋ 400 ಗ್ರಾಂ. ಹದಿನಾರು ಹಾಳೆಗಳನ್ನು ತೂಗಿದರೆ ಸರಿಯಾಗಿ 80 ಗ್ರಾಂ. ಕೊರತೆ ಎಲ್ಲಿದೆ? ಉತ್ತರ: ಹಾಳೆಗೆ 5 ಗ್ರಾಂನಂತೆ 500 ಹಾಳೆಗಳು ಸುಮಾರು 2 ಕಿಲೋ 500 ಗ್ರಾಂ ತೂಗಬೇಕಾಗಿತ್ತು. ಕಾಗದದ ತೂಕ ಸರಿಯಾಗಿಯೇ ಇದೆ, ಕಡಿಮೆಯಾಗಿರುವುದು ಎಣಿಕೆ. ಪೊಟ್ಟಣದಲ್ಲಿ ಇಪ್ಪತ್ತರ ಸುಮಾರಿಗೆ ಹಾಳೆಗಳಿಲ್ಲ. ಕುಳಿತು ಎಣಿಸಿದರೆ ತಿಳಿಯುವುದು.